ಎರಡೂ ಗುಂಪು ಮೇಲೇರಿದರೂ ಶಾಲೆಯ ಸರಾಸರಿ ಇಳಿದಾಗ

ಅಂತಿಮ ತರಗತಿಯ ಗಣಿತದ ಸರಾಸರಿ ಒಂದೇ ವರ್ಷದಲ್ಲಿ 67.2ರಿಂದ 63ಕ್ಕೆ ಇಳಿದಿತ್ತು. ಪಾಠ ಮಾಡಿದವನು ನಾನೇ ಆದ್ದರಿಂದ ಕಾರಣ ಕೊಡಬೇಕಾದವನೂ ನಾನೇ. ಮಕ್ಕಳು ಹಿಂದೆ ಬಿದ್ದಿದ್ದಾರೆ ಎಂದು ತರಗತಿಯಲ್ಲಿ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹಾಗಾಗಿ ಅಂಕಪಟ್ಟಿಯನ್ನು ಬಿಡಿಸಿ ನೋಡಲು ಕುಳಿತೆ.

ಒಂದನೇ ತರಗತಿಯಿಂದಲೂ ನಮ್ಮಲ್ಲೇ ಓದಿದವರನ್ನು ಒಂದು ಕಡೆ, ನಡುವೆ ಬೇರೆ ಶಾಲೆಗಳಿಂದ ಬಂದು ಸೇರಿದವರನ್ನು ಇನ್ನೊಂದು ಕಡೆ ಬರೆದುಕೊಂಡೆ. ಹಿಂದಿನ ವರ್ಷ ಮೊದಲ ಗುಂಪಿನಲ್ಲಿ 80 ಮಕ್ಕಳಿದ್ದು ಸರಾಸರಿ 72 ಇತ್ತು. ಎರಡನೆಯದರಲ್ಲಿ 20 ಮಕ್ಕಳು, ಸರಾಸರಿ 48. ಈ ವರ್ಷ ಮೊದಲ ಗುಂಪಿನ ಸರಾಸರಿ 74ಕ್ಕೆ, ಎರಡನೆಯದರದು 52ಕ್ಕೆ ಏರಿತ್ತು. ಎರಡೂ ಏರಿದ ಮೇಲೆ ಒಟ್ಟು ಇಳಿಯುವುದು ಹೇಗೆ? ಕೂಡಿದ್ದು ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿದೆ. ತಪ್ಪಿರಲಿಲ್ಲ.

ಉತ್ತರ ಇದ್ದದ್ದು ಮಕ್ಕಳ ಸಂಖ್ಯೆಯಲ್ಲಿ. ಈ ವರ್ಷ ಎರಡೂ ಗುಂಪುಗಳಲ್ಲಿ 60–60 ಮಕ್ಕಳಿದ್ದರು. ಶಾಲೆಯ ಸರಾಸರಿ ಎಂದರೆ ಗುಂಪುಗಳ ಸರಾಸರಿಗಳನ್ನು ಕೂಡಿ ಎರಡರಿಂದ ಭಾಗಿಸಿದ್ದಲ್ಲ. ಹೆಚ್ಚು ಮಕ್ಕಳಿರುವ ಗುಂಪಿನ ಕಡೆಗೆ ಅದು ವಾಲುತ್ತದೆ. ಹಿಂದಿನ ವರ್ಷ ನಾಲ್ಕು ಪಾಲು 72ರ ಕಡೆಗಿತ್ತು, ಒಂದೇ ಪಾಲು 48ರ ಕಡೆಗೆ. ಈ ವರ್ಷ ತಕ್ಕಡಿ ಸಮವಾಯಿತು. 52 ಎಂಬುದು 48ಕ್ಕಿಂತ ಹೆಚ್ಚು, ನಿಜ, ಆದರೆ 67.2ಕ್ಕಿಂತ ಬಹಳ ಕಡಿಮೆ. ಅಂಥ ಅಂಕಗಳು ಐದನೇ ಒಂದು ಭಾಗದಿಂದ ಅರ್ಧಕ್ಕೆ ಬೆಳೆದಾಗ ಒಟ್ಟು ಸರಾಸರಿ ಕೆಳಕ್ಕೆ ಜಗ್ಗಲೇಬೇಕು. ಸಂಖ್ಯಾಶಾಸ್ತ್ರದಲ್ಲಿ ಇದು ಸಿಂಪ್ಸನ್ ವಿರೋಧಾಭಾಸದ ಒಂದು ರೂಪ. ಎಡ್ವರ್ಡ್ ಸಿಂಪ್ಸನ್ ಇಂಥದ್ದನ್ನು 1951ರಲ್ಲಿ ವಿವರಿಸಿದ್ದರು.

ಮುಖ್ಯೋಪಾಧ್ಯಾಯರ ಮುಂದಿಡಲು ಇನ್ನೊಂದು ಲೆಕ್ಕ ಮಾಡಿದೆ. ಗುಂಪುಗಳ ಪಾಲು ಹಿಂದಿನ ವರ್ಷದಂತೆಯೇ ಉಳಿದಿದ್ದರೆ ಏನಾಗುತ್ತಿತ್ತು?

```
0.8 × 74 + 0.2 × 52 = 69.6
```

ಅಂದರೆ 2.4 ಅಂಕಗಳ ಏರಿಕೆ. 69.6ರಿಂದ 63ಕ್ಕೆ ಬಂದ 6.6ರ ಇಳಿತ ಪೂರ್ತಿಯಾಗಿ ಪಾಲು ಬದಲಾದದ್ದರಿಂದ ಆದದ್ದು. ಈ ವರ್ಷದ ಪಾಲನ್ನೇ ಎರಡೂ ವರ್ಷಗಳಿಗೆ ಹಾಕಿದರೆ 60ರಿಂದ 63ಕ್ಕೆ, ಅಂದರೆ 3 ಅಂಕಗಳ ಏರಿಕೆ ಕಾಣುತ್ತದೆ. ಯಾವ ವರ್ಷದ ಪಾಲು ಹಿಡಿದಿದ್ದೇವೆ ಎಂಬುದರ ಮೇಲೆ ಉತ್ತರ ತುಸು ಬದಲಾಗುವುದರಿಂದ ನಾನು ಎರಡನ್ನೂ ಬರೆದುಕೊಟ್ಟೆ.

ಅವರು ಒಂದು ಪ್ರಶ್ನೆ ಕೇಳಿದರು: “ಗುಂಪಿನ ಗೆರೆಯನ್ನು ನೀವೇ ಸರಿಸಿಲ್ಲ ತಾನೇ?” ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮೊದಲ ಗುಂಪಿನಲ್ಲಿ 60 ಅಂಕ ಪಡೆದ ಮಗುವನ್ನು ಎರಡನೆಯದಕ್ಕೆ ಸೇರಿಸಿದರೆ ಯಾರೊಬ್ಬರ ಅಂಕವೂ ಬದಲಾಗದೆ ಎರಡೂ ಸರಾಸರಿಗಳು ಏರುತ್ತವೆ. ಆ ಅಂಕ ಒಂದು ಗುಂಪಿನ ಸರಾಸರಿಗಿಂತ ಕಡಿಮೆ, ಇನ್ನೊಂದರದಕ್ಕಿಂತ ಹೆಚ್ಚು. ದಾಖಲಾತಿ ಪುಸ್ತಕ ತೆಗೆದು, ಪ್ರತಿ ಮಗು ಸೇರಿದ ತರಗತಿಯನ್ನು ಎರಡೂ ವರ್ಷಗಳ ಪಟ್ಟಿಯೊಂದಿಗೆ ತಾಳೆ ನೋಡಿದೆವು. ಗೆರೆ ಎರಡೂ ವರ್ಷ ಒಂದೇ ಕಡೆ ಇತ್ತು.