ರಸ್ಕು ತಿನ್ನುತ್ತಿದ್ದ ಒಲೆ ಹೊತ್ತು

ಗಂಗಾವತಿಯಲ್ಲಿ ನಮ್ಮದು ಚಿಕ್ಕ ಬೇಕರಿ. ನಾಲ್ಕು ಟ್ರೇ ಹಿಡಿಯುವ ಒಂದೇ ಗ್ಯಾಸ್ ಓವನ್. ಬೆಳಗಿನ ಜಾವ ನಾಲ್ಕರಿಂದ ಹತ್ತರವರೆಗೆ ಅದಕ್ಕೆ ಬಿಡುವಿಲ್ಲ. ರೈಸ್ ಮಿಲ್ಲುಗಳ ಹತ್ತಿರದ ಚಹಾ ಅಂಗಡಿಯವರು ಬನ್ ಕೇಳುತ್ತಿದ್ದರು. ನಾವು ದಿನಾ ಇಲ್ಲ ಅನ್ನುತ್ತಿದ್ದೆವು. ಯಾಕಂದ್ರೆ ಅದೇ ಹೊತ್ತಲ್ಲಿ ಒಳಗೆ ರಸ್ಕ್ ಒಣಗುತ್ತಿತ್ತು.

"ರಸ್ಕಿನಾಗ ಕಿಲೋಗೆ ಎಂಬತ್ತು ರೂಪಾಯಿ ಉಳೀತೈತ್ರಿ, ಒಂದು ಬನ್ನಿನಾಗ ನಾಕೇ" ಅಂತ ನಮ್ಮ ಮಾಸ್ಟರ್ ವಾದ. ನನಗೂ ಸರಿ ಅನಿಸಿತ್ತು.

ಆಮೇಲೆ ಒಂದು ವಾರ ಗಡಿಯಾರ ನೋಡಿ ಬರೆದೆ. ಟ್ರೇ ಒಳಗೆ ಹೋದಾಗಿನಿಂದ ಮುಂದಿನ ಟ್ರೇ ಹೋಗುವವರೆಗಿನ ಹೊತ್ತು. ಓವನ್ ಮತ್ತೆ ಕಾಯುವ ಹೊತ್ತೂ ಅದರಲ್ಲೇ ಸೇರಬೇಕು. ಮಾರಿದ ಬೆಲೆಯಲ್ಲಿ ಮೈದಾ, ಡಾಲ್ಡಾ, ಸಕ್ಕರೆ, ಈಸ್ಟ್, ಕವರ್ ಖರ್ಚು ಮಾತ್ರ ಕಳೆದೆ. ಬಾಡಿಗೆ, ಸಂಬಳ ಸೇರಿಸಲಿಲ್ಲ. ಏನು ಬೇಯಿಸಿದರೂ ಅವು ಅಷ್ಟೇ ಅಲ್ವಾ?

ಬನ್ ಒಂದು ಲೋಡಿಗೆ 96. ಒಂದಕ್ಕೆ 4 ರೂಪಾಯಿ ಉಳಿದರೆ 384. ಹಿಡಿದ ಹೊತ್ತು 16 ನಿಮಿಷ, ಅಂದ್ರೆ ನಿಮಿಷಕ್ಕೆ 24 ರೂಪಾಯಿ. ಖಾರ ಬಿಸ್ಕತ್ತಿಗೆ 25 ನಿಮಿಷಕ್ಕೆ 440, ಅಂದ್ರೆ ನಿಮಿಷಕ್ಕೆ 17ರ ಮೇಲೆ. ಪಫ್ಸಿಗೆ 14ರ ಹತ್ತಿರ. ರಸ್ಕು 8 ಕಿಲೋಗೆ 640 ಕೊಟ್ಟರೂ ಬ್ರೆಡ್ ಬೇಯಲು 40, ಒಣಗಲು 70, ಒಟ್ಟು 110 ನಿಮಿಷ ತಿನ್ನುತ್ತಿತ್ತು. ನಿಮಿಷಕ್ಕೆ 6 ರೂಪಾಯಿಯೂ ಇಲ್ಲ!

ಹಾಗಂತ ರಸ್ಕ್ ಬಿಡಲಿಲ್ಲ. ಒಣಗಿಸೋದನ್ನು ರಾತ್ರಿಗೆ ಹಾಕಿದೆವು. ಆಗ ಓವನ್ ಯಾರಿಗೂ ಬೇಡ. ಬೆಳಿಗ್ಗೆಯ ಬ್ರೆಡ್ ಅಷ್ಟೊತ್ತಿಗೆ ಚೆನ್ನಾಗಿ ಆರಿರುತ್ತೆ, ಸ್ಲೈಸ್ ಹರಿಯುವುದೂ ಇಲ್ಲ. ಬೆಳಗಿನ ಹೊತ್ತಲ್ಲಿ ರಸ್ಕಿಗೆ ಈಗ 40 ನಿಮಿಷ ಸಾಕು, ನಿಮಿಷಕ್ಕೆ 16 ಬಿತ್ತು. ಪಫ್ಸನ್ನೂ ದಾಟಿತು. ಉಳಿದ 70 ನಿಮಿಷದಲ್ಲಿ ಇನ್ನೆರಡು ಲೋಡ್ ಬನ್, ಒಂದು ಲೋಡ್ ಖಾರ ಬಿಸ್ಕತ್ತು. ದಿನಕ್ಕೆ 1,208 ರೂಪಾಯಿ ಜಾಸ್ತಿ. ಬೆಳಿಗ್ಗೆ ಆ ಹೊತ್ತಲ್ಲಿ ಈಗ ಬನ್, ಬಿಸ್ಕತ್ತು ಬೇಯುವುದರಿಂದ ರಾತ್ರಿಯ ಗ್ಯಾಸ್ ಹೆಚ್ಚಿನ ಖರ್ಚೇ, ಅದನ್ನು ಇದರಲ್ಲಿ ಕಳೆದಿಲ್ಲ.

ಆ ಹುರುಪಲ್ಲಿ ಒಂದು ತಪ್ಪು ಮಾಡಿದೆ. ಬನ್ ನಾಲ್ಕು ಲೋಡಿನಿಂದ ಐದಕ್ಕೆ ಏರಿಸಿದೆ. 480 ಬನ್ನಲ್ಲಿ ಹೋಗಿದ್ದು 380. ಉಳಿದ ಬನ್ ಒಂದೊಂದಕ್ಕೂ 6 ರೂಪಾಯಿ ಸಾಮಾನು ಹಾಳು. ಐದನೇ ಲೋಡಿನಿಂದ ಬಂದಿದ್ದು ಸೊನ್ನೆ, ಹೋಗಿದ್ದು 576 ರೂಪಾಯಿ. ನಿಮಿಷಕ್ಕೆ 24 ಅನ್ನೋದು ಮಾರಾಟವಾಗುವ ಬನ್ನಿಗೆ ಮಾತ್ರ. ಈಗ ಬನ್ ನಾಲ್ಕಕ್ಕೆ ನಿಲ್ಲಿಸಿ, ಮುಂದಿನ ಹೊತ್ತು ಖಾರ ಬಿಸ್ಕತ್ತಿಗೆ ಕೊಡುತ್ತೇವೆ. ಅದು ಉಳಿದರೂ ಡಬ್ಬಿಯಲ್ಲಿ ಕೆಡದೆ ಇರುತ್ತೆ.

ರಾತ್ರಿಯ ರಸ್ಕೂ ಮೊದಲ ದಿನ ಕೈಕೊಟ್ಟಿತು. ಬಾಗಿಲು ಗಟ್ಟಿ ಮುಚ್ಚಿದ್ದರಿಂದ ಹಬೆ ಒಳಗೇ ನಿಂತು ಸ್ಲೈಸು ಮೆತ್ತಗಾಗಿತ್ತು. ಈಗ ಬಾಗಿಲನ್ನು ಒಂದು ಬೆರಳಷ್ಟು ತೆರೆದಿಡುತ್ತೇವೆ. ಇಳಿಸುವ ಮುಂಚೆ ಮಾಸ್ಟರ್ ನಡುವಿನ ಟ್ರೇಯಿಂದ ಒಂದು ತುಂಡು ತೆಗೆದು ಮುರಿಯುತ್ತಾರೆ. ನಡುವಲ್ಲಿ ಬಾಗಿದರೆ ಇನ್ನೂ ಹತ್ತು ನಿಮಿಷ, ಟಕ್ ಅಂದರೆ ಗ್ಯಾಸ್ ಆಫ್.