‘ಹೈಬ್ರಿಡ್’ ಆಫರ್ ಬಂದಿದೆಯಾ? ಮೊದಲು ಹಾಜರಿ ಲೆಕ್ಕ ಹಾಕಿ

ಜಾಬ್ ಸೈಟಿನಲ್ಲಿ ‘ರಿಮೋಟ್ ಫ್ರೆಂಡ್ಲಿ’ ಅಂತ ಓದಿ ಕೆಲಸ ಒಪ್ಪಿಕೊಂಡು, ಆಮೇಲೆ ಬೆಂಗಳೂರಿನಲ್ಲಿ ಪಿಜಿ ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಆ ಪದ ನಂಬಬೇಡಿ. ನಿಯಮ ಕೇಳಿ.

ಮೊದಲು, ವಾರಕ್ಕೆ ಅಥವಾ ತಿಂಗಳಿಗೆ ಎಷ್ಟು ದಿನ ಆಫೀಸು ಎಂದು ತಿಳಿದುಕೊಳ್ಳಿ. ಇದು ಸುಲಭ, ಎಚ್‌ಆರ್ ಕೂಡಲೇ ಹೇಳುತ್ತಾರೆ.

ಎರಡನೆಯದು, ಆ ದಿನಗಳನ್ನು ಎಣಿಸುವ ರೀತಿ. ಎಲ್ಲರೂ ಎಡವುವುದು ಇಲ್ಲೇ. ಮೈಸೂರಿನಲ್ಲಿ ಮನೆ ಇರುವವರಿಗೆ ಬೆಂಗಳೂರಿನ ಆಫರ್ ಬಂತು, ಕೈಗೆ ತಿಂಗಳಿಗೆ ₹15,000 ಜಾಸ್ತಿ ಸಿಗುತ್ತದೆ ಅಂದುಕೊಳ್ಳಿ. ‘ತಿಂಗಳಲ್ಲಿ ಯಾವುದಾದರೂ 10 ದಿನ’ ಎಂದಿದ್ದರೆ ಐದೈದು ದಿನ ಒಟ್ಟಿಗೆ ಸೇರಿಸಿ ಎರಡು ಸಲ ಹೋಗಿ ಬರಬಹುದು. ಎಂಟು ರಾತ್ರಿಗೆ ₹700ರಂತೆ ₹5,600, ಪ್ರಯಾಣಕ್ಕೆ ₹1,200 ಹಿಡಿಯೋಣ. ಕೈಯಲ್ಲಿ ₹8,200 ಉಳಿಯಿತು. ‘ಸೋಮವಾರ, ಬುಧವಾರ, ಶುಕ್ರವಾರ ಕಡ್ಡಾಯ’ ಎಂದಿದ್ದರೆ ತಿಂಗಳಿಡೀ ರೂಮು ಇಟ್ಟುಕೊಳ್ಳಲೇಬೇಕು. ಅದಕ್ಕೆ ₹9,500, ವಾರಾಂತ್ಯಕ್ಕೆ ಊರಿಗೆ ಬರಲು ₹2,400. ಉಳಿಯುವುದು ₹3,100 ಮಾತ್ರ. ಆಫೀಸಿನ ದಿನ ಎರಡೋ ಮೂರೋ ಜಾಸ್ತಿ ಅಷ್ಟೇ, ಆಫರ್‌ನ ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು.

ರಜೆಯನ್ನು ಹೇಗೆ ಎಣಿಸುತ್ತಾರೆ ಎಂದೂ ಕೇಳಿ. 22 ಕೆಲಸದ ದಿನಗಳಲ್ಲಿ 60% ಹಾಜರಿ ಎಂದರೆ 14 ದಿನ. ನೀವು ಐದು ದಿನ ರಜೆ ಹಾಕಿದಿರಿ. ರಜೆ ಕಳೆದು ಲೆಕ್ಕ ಹಾಕುವ ಕಂಪನಿಯಲ್ಲಿ 17ಕ್ಕೆ 11 ದಿನ ಬಂದರೆ ಸಾಕು. ಕಳೆಯದ ಕಂಪನಿಯಲ್ಲಿ 17ರಲ್ಲಿ 14 ದಿನ ಬರಬೇಕು. ವಾರಕ್ಕೆ ಮೂರು ದಿನ ಎಂದು, ರಜೆ ಕಳೆಯದ ಕಡೆ, ದೀಪಾವಳಿಗೆ ಎರಡು ದಿನ ರಜೆ ಬಂದರೆ ಉಳಿದ ಮೂರೂ ದಿನ ಆಫೀಸೇ!

ಕಾರ್ಡ್ ಸ್ವೈಪ್ ಮಾಡಿ, ಕಾಫಿ ಕುಡಿದು ವಾಪಸ್ ಬರೋಣ ಎನ್ನುವ ಉಪಾಯ ಬೇಡ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ನೋಡುವ ಕಂಪನಿಗಳಿವೆ. ಹಾಜರಿ ಕಡಿಮೆಯಾದರೆ ವೇರಿಯಬಲ್ ಪೇ ಕಡಿತ ಮಾಡುವವರೂ ಇದ್ದಾರೆ, ಅದನ್ನೂ ಕೇಳಿಟ್ಟುಕೊಳ್ಳಿ.

ಕೊನೆಯದಾಗಿ, ಆಫರ್ ಲೆಟರ್‌ನಲ್ಲಿ ಕೆಲಸದ ಸ್ಥಳ ಯಾವುದು ಎಂದು ಬರೆದಿದೆ ನೋಡಿ. ನಿಯಮ ಯಾವಾಗ ಬೇಕಾದರೂ ಬದಲಾಗಬಹುದು. ವಾರಕ್ಕೆ ಮೂರು ದಿನ ಎನ್ನುತ್ತಿದ್ದ ಅಮೆಜಾನ್, 2025ರ ಜನವರಿಯಿಂದ ಐದೂ ದಿನ ಬನ್ನಿ ಎಂದಿತು. ಲೆಟರ್‌ನಲ್ಲಿ ಬರೀ ‘ಬೆಂಗಳೂರು’ ಎಂದಿದ್ದರೆ ನಾಳೆ ಐದು ದಿನ ಕರೆದಾಗ ವಾದ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಹಾಗಾಗಿ ಐದು ದಿನದ ಖರ್ಚಿಗೂ ಈ ಸಂಬಳ ಸಾಲುತ್ತದಾ ಎಂದು ಒಮ್ಮೆ ನೋಡಿ. ಸಾಲದಿದ್ದರೆ ಸಹಿ ಹಾಕುವ ಮುಂಚೆಯೇ ಜಾಸ್ತಿ ಕೇಳಿ, ಇಲ್ಲವೇ ಮನೆಯಿಂದ ಕೆಲಸದ ಮಾತನ್ನು ಲೆಟರ್‌ನಲ್ಲೇ ಬರೆಸಿಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಸಾಲದು.