ನೂರಕ್ಕೆ ಹತ್ತು ರೂಪಾಯಿ, ನೂರಕ್ಕೆ ಮೂರು ರೂಪಾಯಿ

ನನ್ನ ಮೊದಲ ಸಂಬಳ ಬಂದಿದ್ದು 2023ರ ಅಕ್ಟೋಬರ್ 7ಕ್ಕೆ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ. ಆಫರ್ ಲೆಟರ್‌ನಲ್ಲಿ 21,000 ಅಂತ ಇತ್ತು, ಅಕೌಂಟಿಗೆ ಬಿದ್ದಿದ್ದು 19,042. ಪಿಎಫ್‌ಗೆ 1,800, ಇಎಸ್‌ಐಗೆ 158 ಹಿಡಿದಿದ್ದರು. ಮೋಸ ಆಯ್ತೇನೋ ಅಂತ ಅವತ್ತು ಸ್ವಲ್ಪ ಹೊತ್ತು ಹೊಟ್ಟೆ ಉರಿಯಿತು. ಪಿಎಫ್‌ಗೆ ಕಂಪನಿಯೂ ಅಷ್ಟೇ ದುಡ್ಡು ಹಾಕುತ್ತದೆ, ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ ಅಂತ ಪಕ್ಕದ ಮೆಷಿನ್ನಿನ ಅಣ್ಣ ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ನಾನು ಕೈ ಹಾಕುವ ಮೊದಲೇ ನನ್ನ ಹೆಸರಲ್ಲಿ ಉಳಿತಾಯ ಶುರುವಾಗಿತ್ತು.

ನಮ್ಮೂರು ತಿಪಟೂರಿನ ಹತ್ತಿರ. ಎರಡು ಎಕರೆ ತೆಂಗು, ಸ್ವಲ್ಪ ರಾಗಿ ಹೊಲ, ಎರಡು ಹಸು. ಆ ವರ್ಷ ಕೊಬ್ಬರಿ ರೇಟ್ ನೆಲ ಕಚ್ಚಿತ್ತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ತುಂಬಾ ಕೆಳಗೆ ಕೂಗುತ್ತಿದ್ದರು. ನಮ್ಮ ನೆಂಟರಲ್ಲಿ ಎಲ್ಲರ ಕೈಯೂ ಬಿಗಿ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮುಂದೆ ನಡೆದಿದ್ದಕ್ಕೆ ದುರಾಸೆ ಒಂದೇ ಕಾರಣ ಅಲ್ಲ. ಹೊಲದಿಂದ ಬರಬೇಕಾಗಿದ್ದು ಬರದೇ ಇದ್ದಾಗ ಮನುಷ್ಯ ಬೇರೆ ಕಡೆ ನೋಡೋದು ಸಹಜ.

ಅಕ್ಟೋಬರ್ 14ಕ್ಕೆ ಮಹಾಲಯ ಅಮಾವಾಸ್ಯೆ. ಹಿರಿಯರ ಹಬ್ಬಕ್ಕೆ ಊರಿಗೆ ಹೋದೆ. ಎಡೆ ಇಟ್ಟು, ಊಟ ಮುಗಿಸಿ, ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸೋದರಮಾವ ಮಾತು ತೆಗೆದರು.

"ಸಂಬಳ ಬಂತಂತೆ. ಏನ್ ಮಾಡ್ದೆ?"

"ಇನ್ನೂ ಏನೂ ಮಾಡಿಲ್ಲ ಮಾವ."

"ಹಂಗಾದ್ರೆ ಸರಿಯಾದ ಟೈಮಿಗೇ ಬಂದಿದೀಯ."

ಅವರ ಸ್ಕೀಮು ಹೀಗಿತ್ತು. ಒಂದು ಲಕ್ಷ ಕಟ್ಟಿದರೆ ತಿಂಗಳಿಗೆ 10,000, ಹೀಗೆ 20 ತಿಂಗಳು. ಒಂದಕ್ಕೆ ಎರಡು. ಯಾರನ್ನಾದರೂ ಸೇರಿಸಿದರೆ ಅವರು ಕಟ್ಟಿದ ಲಕ್ಷಕ್ಕೆ ನಮಗೆ 5,000 ಕಮಿಷನ್. ದುಡ್ಡು ಎಲ್ಲಿಂದ ಬರುತ್ತೆ ಅಂದರೆ ಷೇರು, ಚಿನ್ನ, ಬೆಂಗಳೂರಲ್ಲಿ ಸೈಟು, ಎಲ್ಲದರ ಹೆಸರೂ ಬಂತು. 100 ರೂಪಾಯಿ ಛಾಪಾ ಕಾಗದದ ಮೇಲೆ ಅಗ್ರಿಮೆಂಟು, ಮುಂದಿನ ತಾರೀಖಿನ ಒಂದು ಚೆಕ್ಕು, ಬಣ್ಣದ ಸರ್ಟಿಫಿಕೇಟು ಕೂಡ ತೋರಿಸಿದರು. ಮಾವ ಏಪ್ರಿಲ್‌ನಲ್ಲಿ ಒಂದು ಲಕ್ಷ ಕಟ್ಟಿದ್ದರು. ಮೇ ತಿಂಗಳಿಂದ ಆರು ಸಲ ದುಡ್ಡು ಬಂದಿತ್ತು. ಮೊಬೈಲಲ್ಲಿ ಬ್ಯಾಂಕ್ ಮೆಸೇಜು ಒಂದೊಂದಾಗಿ ತೋರಿಸಿದರು. ಎಲ್ಲವೂ ನಿಜವಾದ ಮೆಸೇಜುಗಳೇ.

"ನನ್ನ ಹತ್ರ ಲಕ್ಷ ಎಲ್ಲಿದೆ ಮಾವ?"

"ಸಂಬಳ ಹಾಕು. ಮಿಕ್ಕಿದ್ದಕ್ಕೆ ಅಕ್ಕನ ಸರ ಅಡ ಇಡು. ಬಡ್ಡಿ ಕಟ್ಟಿದ್ರೂ ಏಳೆಂಟು ಸಾವಿರ ಉಳಿಯುತ್ತೆ."

ಅಮ್ಮ ಒಳಗಿಂದ ಕೇಳಿಸಿಕೊಳ್ಳುತ್ತಿದ್ದಳು. ಚಿಕ್ಕಮ್ಮ ಮಾತ್ರ ಬಾಗಿಲ ಹತ್ತಿರ ಬಂದು ನಿಂತು ಮಾವನ ಮಾತನ್ನೇ ಆಲಿಸುತ್ತಿದ್ದರು.

ನನಗೆ ಆಗ ಹಣಕಾಸಿನ ಜ್ಞಾನ ಅಂತ ದೊಡ್ಡದೇನೂ ಇರಲಿಲ್ಲ. ಆದರೆ ಬಡ್ಡಿ ಲೆಕ್ಕ ಗೊತ್ತಿತ್ತು. ಸಾಲ ಮಾಡಿದ ಮನೆಯಲ್ಲಿ ಹುಟ್ಟಿದವರಿಗೆ ಅದು ತಾನಾಗೇ ಬರುತ್ತೆ. ಊರಲ್ಲಿ ಯಾರೂ ವರ್ಷಕ್ಕೆ ಇಷ್ಟು ಪರ್ಸೆಂಟ್ ಅನ್ನೋದಿಲ್ಲ. ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅಂತ ಕೇಳ್ತಾರೆ. ನಾನೂ ಹಾಗೇ ಲೆಕ್ಕ ಹಾಕಿದೆ. ಬ್ಯಾಂಕಿನ ಎಫ್‌ಡಿ ಆಗ ವರ್ಷಕ್ಕೆ 7 ಪರ್ಸೆಂಟ್ ಆಸುಪಾಸು. ನಮ್ಮ ಭಾಷೆಯಲ್ಲಿ ನೂರಕ್ಕೆ ಐವತ್ತೆಂಟು ಪೈಸೆ. ಊರಲ್ಲಿ ಕೈಸಾಲ ಎರಡು ರೂಪಾಯಿ, ಮೂರು ರೂಪಾಯಿ. ಮಾವನ ಕಂಪನಿ ಕೊಡ್ತೀನಿ ಅಂತಿದ್ದದ್ದು ಹತ್ತು ರೂಪಾಯಿ.

"ಮಾವ, ಬ್ಯಾಂಕಲ್ಲಿ ಸಾಲ ತಗೊಂಡ್ರೆ ನೂರಕ್ಕೆ ಒಂದು ರೂಪಾಯಿ ಚಿಲ್ಲರೆ ಬಡ್ಡಿ. ಅಷ್ಟು ಒಳ್ಳೆ ವ್ಯಾಪಾರ ಇರೋರು ಬ್ಯಾಂಕಿಗೆ ಹೋಗದೆ ಹತ್ತು ರೂಪಾಯಿ ಕೊಟ್ಟು ನಮ್ಮ ಹತ್ರ ಯಾಕೆ ಬರ್ತಾರೆ?"

ಮಾವ ನಕ್ಕರು. "ಬಡವರಿಗೂ ಒಳ್ಳೇದಾಗ್ಲಿ ಅಂತ ಕಣಪ್ಪ."

ಅಪ್ಪ ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಗೂಡಿನಲ್ಲಿದ್ದ ಹಳೇ ಲಗ್ನಪತ್ರಿಕೆ ತೆಗೆದು, ಪೆನ್ನು ಕೊಟ್ಟು, "ಬರಿ, ನೋಡಣ" ಅಂದರು.

ಪತ್ರಿಕೆಯ ಹಿಂದೆ ಬರೆದೆ. ಹತ್ತು ಜನ ಒಂದೊಂದು ಲಕ್ಷ ಕಟ್ಟಿದರೆ ಹತ್ತು ಲಕ್ಷ. ಕಮಿಷನ್ ಐವತ್ತು ಸಾವಿರ ಹೋದರೆ ಒಂಬತ್ತೂವರೆ ಲಕ್ಷ ಉಳಿಯಿತು. ತಿಂಗಳಿಗೆ ಹತ್ತು ಜನಕ್ಕೂ ಸೇರಿ ಒಂದು ಲಕ್ಷ ಕೊಡಬೇಕು. ಅಂದರೆ ಯಾವ ವ್ಯಾಪಾರವನ್ನೂ ಮಾಡದೆ, ದುಡ್ಡನ್ನ ಬೀರುವಲ್ಲಿ ಇಟ್ಟುಕೊಂಡು ಕೂತರೂ ಒಂಬತ್ತು ತಿಂಗಳು ತಪ್ಪದೆ ಕೊಡಬಹುದು. ಹತ್ತನೇ ತಿಂಗಳಿಗೆ ಹೊಸ ಹತ್ತು ಜನ ಬರಲೇಬೇಕು. ಆ ಹೊಸಬರಿಗೂ ತಿಂಗಳ ದುಡ್ಡು ಕೊಡಬೇಕಾದ್ದರಿಂದ ಅವರ ಹತ್ತು ಲಕ್ಷ ಐದು ತಿಂಗಳಿಗಿಂತ ಹೆಚ್ಚು ಬಾಳೋದಿಲ್ಲ. ಆಮೇಲೆ ಇನ್ನೂ ಜಾಸ್ತಿ ಜನ ಬೇಕು. ಸೇರಿಸಿದವರಿಗೆ ಅಷ್ಟು ಕಮಿಷನ್ ಕೊಡೋದು ಅದಕ್ಕೇ.

ಮಾವನಿಗೆ ಬಂದಿದ್ದು ಆರು ಹತ್ತಲಿ ಅರವತ್ತು ಸಾವಿರ. ಅವರು ಕೊಟ್ಟಿದ್ದು ಒಂದು ಲಕ್ಷ. ಇನ್ನೂ ಅಸಲೇ ಪೂರ್ತಿ ವಾಪಸ್ ಬಂದಿರಲಿಲ್ಲ. ಆ ಬ್ಯಾಂಕ್ ಮೆಸೇಜುಗಳು ನಿಜ, ಆದರೆ ಅವು ಲಾಭಕ್ಕೆ ಸಾಕ್ಷಿ ಅಲ್ಲ. ಇದನ್ನ ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು ಅನ್ಸುತ್ತೆ. ಮಾವನ ಮುಖ ಕೆಂಪಾಯಿತು.

ಅಪ್ಪ ಪತ್ರಿಕೆ ನೋಡುತ್ತಲೇ, "ಬಿತ್ತನೆ ರಾಗಿನ ಬೀಸಿ ಮುದ್ದೆ ಮಾಡಿ ಬಡಿಸ್ತವ್ರೆ ಅನ್ನು" ಅಂದರು.

ಸರ್ಟಿಫಿಕೇಟಿನ ವಿಷಯ ಅವತ್ತು ರಾತ್ರಿ ನೋಡಿದೆ. ಅದು ಕಂಪನಿ ನೋಂದಣಿಯ ಪತ್ರ. ಕಂಪನಿ ಅಂತ ಯಾರು ಬೇಕಾದರೂ ನೋಂದಾಯಿಸಬಹುದು, ಜಿಎಸ್‌ಟಿ ನಂಬರ್ ಕೂಡ ತಗೋಬಹುದು. ಜನರಿಂದ ಠೇವಣಿ ಎತ್ತಲು ಅನುಮತಿಯೇ ಬೇರೆ. ರಿಸರ್ವ್ ಬ್ಯಾಂಕಿನ sachet.rbi.org.in ನಲ್ಲಿ ಯಾರಿಗೆ ಠೇವಣಿ ತಗೊಳ್ಳೋ ಅನುಮತಿ ಇದೆ ಅಂತ ಹುಡುಕಬಹುದು. ಷೇರಿನಲ್ಲಿ ಹಾಕ್ತೀವಿ ಅನ್ನೋರ ಹೆಸರು ಷೇರು ಮಾರುಕಟ್ಟೆಯನ್ನ ನೋಡಿಕೊಳ್ಳೋ ಸೆಬಿಯ sebi.gov.in ಪಟ್ಟಿಯಲ್ಲಿ ಇರಬೇಕು. ಎರಡರಲ್ಲೂ ಆ ಹೆಸರು ಸಿಗಲಿಲ್ಲ. ಇನ್ನು ಛಾಪಾ ಕಾಗದ. ಅಲ್ಲಿ ಬರೆದಿದ್ದನ್ನ ಸರ್ಕಾರ ಒಪ್ಪಿದೆ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೇನೂ ಇಲ್ಲ.

ಬೆಳಿಗ್ಗೆ ಮಾವನಿಗೆ ಇಷ್ಟೇ ಹೇಳಿದೆ: "ಅಪ್ಪನ ಕೈಸಾಲ ಇದೆ ಮಾವ. ಅದು ತೀರೋವರೆಗೂ ನಾನು ಎಲ್ಲೂ ಹಾಕಲ್ಲ." ಹಿಂದಿನ ರಾತ್ರಿಯ ವಾದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡಿತು. ಸ್ಕೀಮು ಸುಳ್ಳು ಅಂದರೆ ಅವರನ್ನೇ ಸುಳ್ಳ ಅಂದ ಹಾಗೆ. ಸಾಲ ಇದೆ ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋ ಹಾಗಿಲ್ಲ. ಆದರೂ ಹೋಗುವಾಗ ಅತ್ತೆ, "ಮನೆಯೋರನ್ನೇ ನಂಬದೋನು" ಅಂತ ಅಂದೇ ಹೋದರು.

ಸಾಲದ ಮಾತು ನೆಪ ಆಗಿರಲಿಲ್ಲ. 2021ರಲ್ಲಿ ಬೋರಿನ ಮೋಟಾರ್ ಸುಟ್ಟಾಗ ಅಪ್ಪ ಊರಲ್ಲೇ ಒಬ್ಬರ ಹತ್ತಿರ 40,000 ತಂದಿದ್ದರು. ಮೂರು ರೂಪಾಯಿ ಬಡ್ಡಿ. ಡೈರಿಯ ಹಾಲಿನ ದುಡ್ಡಲ್ಲಿ ತಿಂಗಳಿಗೆ 1,200 ಕಟ್ಟುತ್ತಾ ಎರಡು ವರ್ಷದಲ್ಲಿ 28,800 ಬಡ್ಡಿಯೇ ಹೋಗಿತ್ತು. ಅಸಲು ಹಾಗೇ ಇತ್ತು. ಮೂರು ರೂಪಾಯಿ ಅಂದರೆ ವರ್ಷಕ್ಕೆ 36 ಪರ್ಸೆಂಟ್. ನಾನು ಎಲ್ಲೇ ಹೂಡಿದರೂ ಅಷ್ಟು ಖಚಿತವಾಗಿ ಬರುವ ಜಾಗ ಇನ್ನೊಂದಿಲ್ಲ. ಮಾವ ಹೇಳ್ತಿದ್ದ ಗ್ಯಾರಂಟಿ ಲಾಭ ನಿಜವಾಗಿ ಇದ್ದದ್ದು ನಮ್ಮ ಮನೆಯ ಪ್ರೋನೋಟಿನಲ್ಲಿ.

ಆದರೆ ಒಂದು ತೊಡಕಿತ್ತು. ಸಾಲ ಕೊಟ್ಟವರು ಅಸಲನ್ನ ಚಿಲ್ಲರೆ ಚಿಲ್ಲರೆಯಾಗಿ ತಗೊಳ್ಳೋದಿಲ್ಲ. ಬಡ್ಡಿ ಬರ್ತಾ ಇದ್ದರೆ ಅವರಿಗೇ ಒಳ್ಳೇದು ಅಲ್ವಾ. ಅಪ್ಪ ಹೋಗಿ ಮಾತಾಡಿ, ಒಂದು ಸಲಕ್ಕೆ 10,000 ಆದರೆ ತಗೊಳ್ತೀನಿ ಅಂತ ಒಪ್ಪಿಸಿಕೊಂಡು ಬಂದರು. ಕೊಟ್ಟಾಗಲೆಲ್ಲ ಪ್ರೋನೋಟಿನ ಹಿಂದೆ ತಾರೀಖು ಹಾಕಿ, ಎಷ್ಟು ಬಂತು ಅಂತ ಬರೆದು ಸಹಿ ಮಾಡಬೇಕು ಅನ್ನೋದು ನನ್ನ ಷರತ್ತು. ಅಪ್ಪನಿಗೆ ಅದು ಮುಜುಗರ. ಬರೆಸದೇ ಹೋದರೆ ನಾಳೆ ಕೊಟ್ಟಿದ್ದಕ್ಕೆ ಏನು ಗುರುತು?

ಸಂಬಳ ಹಂಚಿದ್ದು ಹೀಗೆ. ಪಿಜಿಗೆ 6,500, ಮನೆಗೆ 3,000. ಸಾಲಕ್ಕೆ ಅಂತ 5,000 ಬೇರೆ ಬ್ಯಾಂಕಿನ ಖಾತೆಗೆ, ಅದರ ಎಟಿಎಂ ಕಾರ್ಡು ಊರಲ್ಲಿ ಅಮ್ಮನ ಹತ್ತಿರ. ನಿಫ್ಟಿ 50 ಇಂಡೆಕ್ಸ್ ಫಂಡಿಗೆ, ಅಂದರೆ ಐವತ್ತು ದೊಡ್ಡ ಕಂಪನಿಗಳ ಷೇರಿನಲ್ಲಿ ದುಡ್ಡು ಹಾಕೋ ಫಂಡಿಗೆ, ತಿಂಗಳಿಗೆ 500ರ ಎಸ್‌ಐಪಿ. ಉಳಿದ ನಾಲ್ಕು ಸಾವಿರದಲ್ಲಿ ಬಸ್ಸು, ಮಧ್ಯಾಹ್ನದ ಊಟ, ಮೊಬೈಲು.

36 ಪರ್ಸೆಂಟ್ ಸಾಲ ಇಟ್ಟುಕೊಂಡು ಫಂಡಿಗೆ ಹಾಕೋದು ಲೆಕ್ಕದ ಪ್ರಕಾರ ತಪ್ಪು. ಆ 500 ಕೂಡ ಸಾಲಕ್ಕೇ ಹೋಗಬೇಕಿತ್ತು. ಆದರೆ ಮೊದಲ ಸಂಬಳದಲ್ಲಿ ನನ್ನ ಹೆಸರಲ್ಲಿ ಏನಾದರೂ ಶುರು ಮಾಡಬೇಕು ಅನ್ನೋ ಆಸೆ ಇತ್ತು, ಮಾಡಿದೆ. ಪ್ಯಾನ್, ಆಧಾರ್ ಕೊಟ್ಟು ಕೆವೈಸಿ ಮುಗಿಸಿ, ಕಮಿಷನ್ ಇರದ ಡೈರೆಕ್ಟ್ ಪ್ಲಾನ್ ಆರಿಸಿಕೊಂಡೆ. ಹಬ್ಬ ಮುಗಿದ ಮೇಲಿನ ಸೋಮವಾರ ದುಡ್ಡು ಹೋಯಿತು. ಹತ್ತೇ ದಿನಕ್ಕೆ ಮಾರುಕಟ್ಟೆ ಬಿದ್ದು 500 ಹೋಗಿ 480ರ ಆಸುಪಾಸಿಗೆ ಬಂತು. ಫೋನಲ್ಲಿ ಅಪ್ಪನಿಗೆ ಹೇಳಿದಾಗ, "ಅದೂ ಕೊಬ್ಬರಿ ರೇಟ್ ಇದ್ದಂಗೆ ಅಲ್ವಾ" ಅಂದರು. ನಾನು ಹೌದು ಅಂದೆ. ಡಿಸೆಂಬರ್ ಕೊನೆಗೆ ಅದೇ 500, 550ರ ಹತ್ತಿರ ಇತ್ತು. ನಿಜವಾದ ಹೂಡಿಕೆ ಏರುತ್ತೆ, ಇಳಿಯುತ್ತೆ. ಮಾವನ ಮೊಬೈಲಿನಲ್ಲಿ ಪ್ರತಿ ತಿಂಗಳೂ ಸರಿಯಾಗಿ 10,000 ಬರ್ತಿದ್ದದ್ದೇ ನನಗೆ ಆಮೇಲೆ ಜಾಸ್ತಿ ಅನುಮಾನ ಹುಟ್ಟಿಸಿದ ವಿಷಯ.

ನವೆಂಬರ್‌ನಲ್ಲಿ ಮೊದಲ 10,000 ಕೊಟ್ಟೆವು. ಬಡ್ಡಿ 1,200 ಇದ್ದದ್ದು 900 ಆಯಿತು. ಜನವರಿಯಲ್ಲಿ 600, ಮಾರ್ಚ್‌ನಲ್ಲಿ 300.

ಆ ಜನವರಿಯಲ್ಲೇ ಮಾವನಿಗೆ ದುಡ್ಡು ನಿಂತಿತು. ಮೊದಲು ಸಾಫ್ಟ್‌ವೇರ್ ಬದಲಾಯಿಸ್ತಿದ್ದಾರೆ ಅಂದರು. ಆಮೇಲೆ ಆಡಿಟ್ ನಡೀತಿದೆ ಅಂದರು. ಆಮೇಲೆ, ಈಗ ಹೊಸದಾಗಿ ಐವತ್ತು ಸಾವಿರ ಕಟ್ಟಿದವರಿಗೆ ಹಳೇ ಬಾಕಿ ಮೊದಲು ಕೊಡ್ತಾರೆ ಅನ್ನೋ ಮಾತು ಬಂತು. ಮಾವ ಅದನ್ನೂ ಕಟ್ಟಲು ಹೊರಟಿದ್ದರಂತೆ, ಅತ್ತೆ ತಡೆದರು. ಮಾವನಿಗೆ ಒಟ್ಟು ಬಂದಿದ್ದು ಎಂಟು ಕಂತು, 80,000. ಆದರೆ ಹಬ್ಬ ಆದ ವಾರವೇ ಚಿಕ್ಕಮ್ಮ ಅವರ ಮಾತು ಕೇಳಿ ಒಂದು ಲಕ್ಷ ಕಟ್ಟಿದ್ದರು. ಅವರಿಗೆ ಎರಡೇ ಕಂತು ಬಂದಿದ್ದು. ಲಗ್ನಪತ್ರಿಕೆ ಹಿಂದಿನ ಲೆಕ್ಕವನ್ನ ನಾನು ಮಾವನಿಗೆ ತೋರಿಸಿದೆ, ಬಾಗಿಲಲ್ಲಿ ನಿಂತಿದ್ದವರಿಗೆ ತೋರಿಸಲಿಲ್ಲ.

ಮೇ ತಿಂಗಳಲ್ಲಿ ಕೊನೆಯ 10,000 ಕೊಟ್ಟಾಗ ಪ್ರೋನೋಟು ವಾಪಸ್ ಬಂತು. ಅಪ್ಪ ಅದನ್ನ ಎರಡು ಸಲ ಓದಿಸಿಕೊಂಡು, ಹರಿದು, ಹಂಡೆ ಒಲೆಗೆ ಹಾಕಿದರು.

ಅದಾಗಿ ಎರಡು ದಿನಕ್ಕೆ ಚಿಕ್ಕಮ್ಮನ ಜೊತೆ ದೂರು ಕೊಡೋಕೆ ಹೋಗಿದ್ದೆ. ಛಾಪಾ ಕಾಗದ, ಚೆಕ್ಕು, ದುಡ್ಡು ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸಾಪ್ ಮೆಸೇಜುಗಳ ಪ್ರಿಂಟು, ಎಲ್ಲಾ ಜೋಡಿಸಿಕೊಂಡು. ಮಾವನೂ ಬರಲಿ ಅಂತ ಕರೆದೆವು. ಅನುಮತಿ ಇಲ್ಲದೆ ಠೇವಣಿ ಎತ್ತುವುದರ ವಿರುದ್ಧ 2019ರಲ್ಲಿ ಬಂದ ಕೇಂದ್ರದ ಕಾನೂನಿನಲ್ಲಿ, ಗೊತ್ತಿದ್ದೂ ಸುಳ್ಳು ಹೇಳಿ ಜನರನ್ನ ಸೇರಿಸಿದವರಿಗೂ ಶಿಕ್ಷೆ ಇದೆ. ಅದನ್ನ ಯಾರೋ ಅವರ ಕಿವಿಗೆ ಹಾಕಿದ್ದರು. "ನಂಗೆ ಗೊತ್ತಿರ್ಲಿಲ್ಲ ಕಣೋ" ಅಂದರು ಫೋನಲ್ಲಿ. "ನೀವು ಲಗ್ನಪತ್ರಿಕೆ ನೋಡಿದ್ರಲ್ಲ ಮಾವ" ಅಂತ ಬಾಯಿವರೆಗೂ ಬಂತು. ಹೇಳಲಿಲ್ಲ. ಕಮಿಷನ್ ಅಂತ ಬಂದಿದ್ದ 5,000 ಮಾತ್ರ ಮರುದಿನ ಅತ್ತೆ ಸೆರಗಲ್ಲಿ ಕಟ್ಟಿಕೊಂಡು ಬಂದು ಚಿಕ್ಕಮ್ಮನಿಗೆ ಕೊಟ್ಟು ಹೋದರು. ಕೂತು ಕಾಫಿ ಕುಡಿದು ಹೋಗಿ ಅಂದರೂ ಕೂರಲಿಲ್ಲವಂತೆ.